ಎರಡು ಪಟ್ಟು ಸಾಲದು, ಮೀರಬೇಕು: ಸ್ಯಾಂಪ್ಲಿಂಗ್ ಪ್ರಮೇಯದ ಹಿನ್ನೆಲೆ

ಸ್ಯಾಂಪ್ಲಿಂಗ್ ಪ್ರಮೇಯಕ್ಕೆ ಹ್ಯಾರಿ ನೈಕ್ವಿಸ್ಟ್ ಅವರ ಹೆಸರು ಅಂಟಿಕೊಂಡಿದೆ. ಆದರೆ 1928ರ ಪ್ರಬಂಧದಲ್ಲಿ ಅವರು ಬಿಡಿಸಲು ಹೊರಟದ್ದು ಟೆಲಿಗ್ರಾಫಿನ ಸಮಸ್ಯೆಯನ್ನು. ಇಂತಿಷ್ಟೇ ಆವರ್ತನಗಳನ್ನು ಸಾಗಿಸಬಲ್ಲ ತಂತಿಯಲ್ಲಿ, ಒಂದರೊಡನೊಂದು ಬೆರೆಯದಂತೆ ಸೆಕೆಂಡಿಗೆ ಎಷ್ಟು ಸಂಕೇತಗಳನ್ನು ಕಳುಹಿಸಬಹುದು? ತಂತಿಯ ಆವರ್ತನ ವ್ಯಾಪ್ತಿಯ ಎರಡರಷ್ಟು ಎಂಬ ಉತ್ತರ ಅವರಿಗೆ ಸಿಕ್ಕಿತು. ನಿರಂತರವಾದ ಅಲೆಯನ್ನು ಬಿಡಿಬಿಡಿಯಾಗಿ ಅಳೆದು, ಆ ಅಳತೆಗಳಿಂದಲೇ ಅಲೆಯನ್ನು ಮರಳಿ ಕಟ್ಟುವುದು ಇದರ ತಿರುಗುಮುರುಗು ಪ್ರಶ್ನೆ. ಅದರ ಗಣಿತವನ್ನು ಇ. ಟಿ. ವಿಟ್ಟೇಕರ್ 1915ರಲ್ಲೇ ಬರೆದಿದ್ದರು. ಸಂವಹನ ಎಂಜಿನಿಯರಿಂಗಿಗೆ ಅದನ್ನು ಅನ್ವಯಿಸಿದವರು ರಷ್ಯಾದ ಕೊಟೆಲ್ನಿಕೊವ್, 1933ರಲ್ಲಿ. ಕ್ಲಾಡ್ ಶಾನನ್ 1949ರ ಲೇಖನದಲ್ಲಿ ಇದನ್ನು ತಮ್ಮ ಶೋಧವೆಂದು ಹೇಳಿಕೊಳ್ಳಲಿಲ್ಲ. ಈ ಕ್ಷೇತ್ರದವರಿಗೆಲ್ಲ ತಿಳಿದ ಸಂಗತಿ ಎಂದೇ ಬರೆದರು.

ಶಾನನ್ ಕೊಟ್ಟ ರೂಪದಲ್ಲಿ ಗರಿಷ್ಠ ಆವರ್ತನ W ಆದರೆ ಅಳತೆಗಳ ನಡುವಿನ ಅಂತರ 1/2W ಸೆಕೆಂಡು, ಅಂದರೆ ದರ ಸರಿಯಾಗಿ ಎರಡು ಪಟ್ಟು. ಅಂಚಿನಲ್ಲೇ ಒಂದು ಶುದ್ಧ ಸ್ವರ ಕುಳಿತಿದ್ದರೆ ಈ ಮಾತು ನಿಲ್ಲುವುದಿಲ್ಲ. 4000 ಹರ್ಟ್ಜ್‌ನ ಸೈನ್ ಅಲೆಯನ್ನು ಸೆಕೆಂಡಿಗೆ 8000 ಬಾರಿ ಅಳೆಯೋಣ. ಪ್ರತಿ ಅಳತೆಯೂ ಅಲೆ ಸೊನ್ನೆಯನ್ನು ದಾಟುವ ಕ್ಷಣಕ್ಕೇ ಬಿದ್ದರೆ ಕೈಗೆ ಬರುವುದು ಬರೀ ಸೊನ್ನೆಗಳು. 30 ಡಿಗ್ರಿ ಮುಂದೆ ಬಿದ್ದರೆ +0.5, −0.5 ಎಂದು ಅಂಕಿಗಳು ಬರುತ್ತವೆ; ಅರ್ಧ ಎತ್ತರದ ಅಲೆಯನ್ನು ಅದರ ಶಿಖರಗಳಲ್ಲಿ ಅಳೆದರೂ ಇವೇ ಅಂಕಿಗಳು. ಯಾವುದು ಮೂಲ ಅಲೆ ಎಂದು ಹೇಳಲು ದಾರಿಯೇ ಇಲ್ಲ. ಆದ್ದರಿಂದಲೇ ದರ ಎರಡು ಪಟ್ಟನ್ನು ಮೀರಬೇಕೆಂಬ ಷರತ್ತು.

ದರ ಅದಕ್ಕಿಂತ ಕಡಿಮೆಯಾದರೆ ಆಗುವ ಹಾನಿ ಇನ್ನೂ ಕೆಟ್ಟದ್ದು. ಅದೇ 8000ದ ದರದಲ್ಲಿ 5000 ಹರ್ಟ್ಜ್‌ನ ಕೊಸೈನ್ ಅಲೆಯನ್ನು ಅಳೆಯೋಣ. ಎರಡು ಅಳತೆಗಳ ನಡುವೆ ಅದು 225 ಡಿಗ್ರಿ ಸಾಗುತ್ತದೆ. 3000 ಹರ್ಟ್ಜ್‌ನ ಅಲೆ 135 ಡಿಗ್ರಿ ಸಾಗುತ್ತದೆ. ಎರಡೂ ಸೇರಿದರೆ ಪೂರ್ಣ ಸುತ್ತು, 360. ಹೀಗಾಗಿ ಎರಡೂ ಕೊಡುವ ಅಂಕಿಗಳು ಒಂದೇ:

`1, −0.707, 0, 0.707, −1`

ಈ ಅಂಕಿಗಳಿಂದ ಮರಳಿ ಧ್ವನಿ ಹೊರಡಿಸಿದಾಗ ಕೇಳುವುದು 3000 ಹರ್ಟ್ಜ್. ಇದೇ ಏಲಿಯಾಸಿಂಗ್. ಸ್ವರವನ್ನು ಏರಿಸುತ್ತ ಹೋದರೆ 4000 ದಾಟಿದ ಮೇಲೆ ಕೇಳುವ ಸ್ವರ ಇಳಿಯತೊಡಗುತ್ತದೆ. ಪತ್ತೆ ಹಚ್ಚಲು ಇದೇ ಸುಲಭದ ಗುರುತು.

ಒಮ್ಮೆ ಬೆರೆತ ಈ ಸುಳ್ಳು ಸ್ವರವನ್ನು ಆಮೇಲೆ ಸೋಸಿ ತೆಗೆಯಲಾಗದು. 3000 ಹರ್ಟ್ಜ್ ಮಾತಿನ ವ್ಯಾಪ್ತಿಯೊಳಗೇ ಇರುವುದರಿಂದ, ಅದನ್ನು ತೆಗೆದರೆ ನಿಜವಾದ ದನಿಯೂ ಹೋಗುತ್ತದೆ. ಫಿಲ್ಟರ್ ಇರಬೇಕಾದದ್ದು ಅಳೆಯುವ ಮುನ್ನ. ಯಾವ ಫಿಲ್ಟರೂ ಗೆರೆ ಎಳೆದಂತೆ ಒಂದೇ ಆವರ್ತನದಲ್ಲಿ ಕತ್ತರಿಸಲಾರದು, ಇಳಿಯಲು ಅದಕ್ಕೆ ಜಾಗ ಬೇಕು. ಡಿಜಿಟಲ್ ದೂರವಾಣಿಯಲ್ಲಿ ಸೆಕೆಂಡಿಗೆ 8000 ಅಳತೆಗಳಿದ್ದರೂ ಮಾತನ್ನು 4000ದವರೆಗೆ ಬಿಡದೆ ಸುಮಾರು 3400 ಹರ್ಟ್ಜ್‌ಗೇ ನಿಲ್ಲಿಸಿದ್ದು ಈ ಕಾರಣಕ್ಕೆ.