ಗುಣಾಕಾರವನ್ನು ಸಂಕಲನವಾಗಿಸಿದ ದಾರಿ

1961ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಭೌತವಿಜ್ಞಾನಿ ಕ್ಲಾರೆನ್ಸ್ ಝೀನರ್ ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ಕೆಲವು ವಿನ್ಯಾಸಗಳಲ್ಲಿ ಅಳತೆಗಳು ಗೊತ್ತಾಗುವ ಮೊದಲೇ, ಕನಿಷ್ಠ ಖರ್ಚಿನಲ್ಲಿ ಯಾವ ಬಾಬಿನ ಪಾಲು ಎಷ್ಟೆಂದು ಹೇಳಿಬಿಡಬಹುದು! ಗಣಿತಜ್ಞ ರಿಚರ್ಡ್ ಡಫಿನ್ ಮತ್ತು ಎಲ್ಮರ್ ಪೀಟರ್ಸನ್ ಜೊತೆ ಅವರು 1967ರಲ್ಲಿ ಬರೆದ ‘ಜಿಯೋಮೆಟ್ರಿಕ್ ಪ್ರೋಗ್ರಾಮಿಂಗ್’ ಪುಸ್ತಕದ ಜಲ್ಲಿ ಪೆಟ್ಟಿಗೆಯ ಲೆಕ್ಕ ಇದಕ್ಕೆ ಇಂದಿಗೂ ಒಳ್ಳೆಯ ಉದಾಹರಣೆ.

400 ಘನ ಗಜ ಜಲ್ಲಿಯನ್ನು ನದಿ ದಾಟಿಸಬೇಕು. ಮುಚ್ಚಳವಿಲ್ಲದ ಪೆಟ್ಟಿಗೆಯ ಉದ್ದ x, ಅಗಲ y, ಎತ್ತರ z ಗಜ. ತಳಕ್ಕೂ ಉದ್ದದ ಗೋಡೆಗಳಿಗೂ ಚದರ ಗಜಕ್ಕೆ 10 ಡಾಲರ್, ತುದಿಯ ಗೋಡೆಗಳಿಗೆ 20, ಒಂದು ಸಲ ಹೋಗಿಬರಲು 10 ಸೆಂಟ್. ಒಟ್ಟು ಖರ್ಚು:

40/(xyz) + 40yz + 20xz + 10xy

ಗುಣಾಂಕಗಳೂ ಚರಗಳೂ ಧನಾತ್ಮಕ, ಘಾತಗಳು ಮಾತ್ರ ಹೇಗಾದರೂ ಇರಬಹುದು. ಇಂಥ ಮೊತ್ತವೇ ಪಾಸಿನಾಮಿಯಲ್. ಕನಿಷ್ಠ ಬಿಂದುವಿನಲ್ಲಿ ಪ್ರತಿ ಚರದ ಘಾತಗಳು, ಆಯಾ ಪದದ ಪಾಲಿನಿಂದ ಗುಣಿಸಿ ಕೂಡಿದಾಗ, ಸೊನ್ನೆಯಾಗಬೇಕು. x, y, z ಮೂರಕ್ಕೂ ಹೀಗೆ ಬರೆದರೆ ಸಾಗಣೆಯ ಪಾಲು 2/5, ಉಳಿದ ಮೂರಕ್ಕೆ ತಲಾ 1/5 ಎಂದು ಬರುತ್ತದೆ. ಪ್ರತಿ ಗುಣಾಂಕವನ್ನು ಅದರ ಪಾಲಿನಿಂದ ಭಾಗಿಸಿ, ಆ ಪಾಲಿನ ಘಾತಕ್ಕೇರಿಸಿ, ಎಲ್ಲವನ್ನೂ ಗುಣಿಸಿದರೆ ಬರುವ ಕನಿಷ್ಠ ಖರ್ಚು 100 ಡಾಲರ್. ಸಾಗಣೆಗೆ 40 ಅಂದಮೇಲೆ xyz = 1; ತುದಿಗೋಡೆಗಳಿಗೆ 20 ಅಂದಮೇಲೆ yz = 1/2; ಉದ್ದದ ಗೋಡೆಗಳಿಗೂ 20 ಅಂದಮೇಲೆ xz = 1. ಹಾಗಾಗಿ x = 2, y = 1, z = 1/2.

ಇಷ್ಟು ಸಲೀಸಾಗಿದ್ದು ಪದಗಳು ಚರಗಳಿಗಿಂತ ಒಂದೇ ಹೆಚ್ಚಿದ್ದುದರಿಂದ. ಪದಗಳು ಇನ್ನೂ ಹೆಚ್ಚಿದರೆ ಪಾಲುಗಳು ಸಮೀಕರಣಗಳಿಂದಷ್ಟೇ ನಿರ್ಧಾರವಾಗುವುದಿಲ್ಲ. ಕೈಲೆಕ್ಕ ಅಲ್ಲಿಗೆ ನಿಲ್ಲುತ್ತದೆ.

ಮುಂದಿನ ದಾರಿ ತೆರೆದದ್ದು ಲಾಗರಿದಂ. xy ಎಂಬ ಪದವನ್ನೇ ನೋಡಿ. (1,3) ಮತ್ತು (3,1)ರಲ್ಲಿ ಅದರ ಬೆಲೆ 3. ನಡುಬಿಂದು (2,2)ರಲ್ಲಿ 4. ನಡುವೆ ಉಬ್ಬಿದೆ, ಅಂದರೆ ಪೀನ ಫಲನವಲ್ಲ. x = eᵘ, y = eᵛ ಎಂದು ಬದಲಿಸಿದರೆ ಗುಣಲಬ್ಧ eᵘ⁺ᵛ ಆಗುತ್ತದೆ. ಈ ಅಳತೆಯಲ್ಲಿ ನಡುಬಿಂದು (√3,√3), ಬೆಲೆ ಮತ್ತೆ 3, ಉಬ್ಬು ಮಾಯ. ಪ್ರತಿ ಪದವೂ ಸರಳರೇಖೀಯ ಮೊತ್ತದ ಘಾತೀಯ ಫಲನ, ಆದ್ದರಿಂದ ಪೀನ. ಅವುಗಳ ಮೊತ್ತವೂ ಅದರ ಲಾಗರಿದಮ್ಮೂ ಪೀನವೇ. ಹಾಗಾಗಿ ಸ್ಥಳೀಯ ಕನಿಷ್ಠ ಸಿಕ್ಕರೆ ಅದೇ ಒಟ್ಟಾರೆ ಕನಿಷ್ಠ.

ಇದು ಮೊದಲ ತಲೆಮಾರಿಗೂ ಗೊತ್ತಿತ್ತು. ಅದರ ಪೂರ್ತಿ ಫಲ ಸಿಕ್ಕಿದ್ದು 1990ರ ದಶಕದಲ್ಲಿ, ಪೀನ ಸಮಸ್ಯೆಗಳನ್ನು ವೇಗವಾಗಿ ಬಿಡಿಸುವ ಇಂಟೀರಿಯರ್ ಪಾಯಿಂಟ್ ವಿಧಾನಗಳು ಬಂದಮೇಲೆ ಎಂದು ನನ್ನ ಎಣಿಕೆ. 1985ರಲ್ಲೇ ಫಿಶ್‌ಬರ್ನ್ ಮತ್ತು ಡನ್‌ಲಪ್ ಟ್ರಾನ್ಸಿಸ್ಟರುಗಳ ಗಾತ್ರ ನಿರ್ಧರಿಸಲು ಪಾಸಿನಾಮಿಯಲ್ ಬಳಸಿದ್ದರು. 1990ರ ದಶಕ ಮುಗಿಯುವ ಹೊತ್ತಿಗೆ ಹರ್ಶೆನ್‌ಸನ್, ಬಾಯ್ಡ್ ಮತ್ತು ಲೀ ಇಡೀ ಆಂಪ್ಲಿಫೈಯರ್ ವಿನ್ಯಾಸವನ್ನೇ ಈ ರೂಪಕ್ಕೆ ತಂದರು.

ಮಿತಿಗಳೂ ಇವೆ. ಪೆಟ್ಟಿಗೆಯನ್ನು ಕೊನೆಗೆ ಗುಜರಿಗೆ ಮಾರಿ ಬರುವ ಹಣವನ್ನು ಖರ್ಚಿನಿಂದ ಕಳೆದರೆ ಋಣಚಿಹ್ನೆ ನುಸುಳುತ್ತದೆ. ಆಮೇಲೆ ಪೀನತೆಯ ಖಾತ್ರಿಯಿಲ್ಲ. ಇನ್ನೊಂದು ತಪ್ಪು ಮಾದರಿ ಬರೆಯುವಾಗಿನದು. ತುದಿಗೋಡೆಗಳ ಖರ್ಚು ಮರೆತರೆ ಉದ್ದ ಸೊನ್ನೆಯತ್ತ ಕುಗ್ಗಿ, ತುದಿಗೋಡೆಗಳು ಹಿಗ್ಗಿ, ಖರ್ಚು ಸೊನ್ನೆಯತ್ತ ಇಳಿಯುತ್ತಲೇ ಹೋಗುತ್ತದೆ, ಎಲ್ಲೂ ತಂಗುವುದಿಲ್ಲ. ಕಂಪ್ಯೂಟರಿನಲ್ಲಿ u ಹೆಜ್ಜೆಹೆಜ್ಜೆಗೂ ಋಣದತ್ತ ಓಡುತ್ತಿದ್ದರೆ, ಮೊದಲು ಹುಡುಕಬೇಕಾದದ್ದು ಬಿಟ್ಟುಹೋದ ಬಾಬನ್ನು.