ವಾರ್ಡಿನ ಕಥೆಗಳು – 14: ಪಿತ್ತನಾಳದ ಕಲ್ಲು, ಚಳಿಜ್ವರ, ಮತ್ತು ನಮ್ಮ ಪಕ್ಕದೂರು ಎರ್ಲಾಂಗನ್

ಗಾಲ್ ಬ್ಲಾಡರ್ ಕಲ್ಲಿನ ಬಗ್ಗೆ ಬರೆದಾಗ ಅತ್ತಿಗೆ ಒಂದು ಪ್ರಶ್ನೆ ಕೇಳಿದ್ದರು: "ಕಲ್ಲು ಚೀಲ ಬಿಟ್ಟು ಕೊಳವೆಗೆ ಇಳಿದರೆ ಏನಾಗತ್ತೆ?" ಉತ್ತರಕ್ಕೆ ಸ್ವಲ್ಪ ಇತಿಹಾಸ ಹೇಳಬೇಕು. ಅದರ ಒಂದು ಮುಖ್ಯ ಭಾಗ ನಡೆದದ್ದು ಎರ್ಲಾಂಗನ್‌ನಲ್ಲಿ. ನಾನಿರುವ ನ್ಯೂರೆಂಬರ್ಗ್‌ನಿಂದ ರೈಲಲ್ಲಿ ಸುಮಾರು ಇಪ್ಪತ್ತು ನಿಮಿಷ.

ಲಿವರ್‌ನಿಂದ ಕರುಳಿಗೆ ಪಿತ್ತ ಹರಿಯುವ ಕೊಳವೆಯೇ ಪಿತ್ತನಾಳ. ಅಗಲ ಹೆಚ್ಚೆಂದರೆ ಆರೇಳು ಮಿಲಿಮೀಟರ್. ಅದರ ತುದಿ, ಕರುಳಿಗೆ ತೆರೆಯುವ ಜಾಗ, ಇನ್ನೂ ಸಣ್ಣದು. ಅಲ್ಲಿ ಕಲ್ಲು ಸಿಕ್ಕಿಕೊಂಡರೆ ಪಿತ್ತ ನಿಂತ ನೀರಾಗುತ್ತದೆ, ಕರುಳಿನ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು ಮೇಲಕ್ಕೆ ಹತ್ತುತ್ತವೆ. ಒತ್ತಡ ಏರಿದಂತೆ ಕೀವು ರಕ್ತಕ್ಕೇ ನುಗ್ಗುತ್ತದೆ. ಇದನ್ನೇ ಡಾಕ್ಟರುಗಳು ಕೊಲಾಂಜೈಟಿಸ್ ಅನ್ನೋದು.

70 ವರ್ಷದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ನಿಜವಾದ ಪೇಷಂಟ್ ಅಲ್ಲ, ಇಂಥವರನ್ನು ತುಂಬ ನೋಡಿದ್ದೇನೆ. ಮೊದಲ ದಿನ ಊಟ ಆದಮೇಲೆ ಪಕ್ಕೆಲುಬಿನ ಕೆಳಗೆ ಬಲಗಡೆ ನೋವು. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದರು. ಮರುದಿನ ಮಂಚ ಅಲ್ಲಾಡುವಷ್ಟು ನಡುಕ, 39 ಡಿಗ್ರಿ ಜ್ವರ. ಮೂತ್ರ ಕಪ್ಪು ಟೀ ಬಣ್ಣ, ಕಣ್ಣು ಹಳದಿ. ಮೂರನೇ ದಿನ ಮಗಳನ್ನೇ ಗುರುತು ಹಿಡಿಯಲಿಲ್ಲ, ಬಿಪಿ 85ಕ್ಕೆ ಇಳಿದಿತ್ತು.

ಎರಡನೇ ದಿನದ ಈ ಚಿತ್ರವನ್ನು ಪ್ಯಾರಿಸ್‌ನ ಡಾಕ್ಟರ್ ಶಾರ್ಕೋ 1877ರಲ್ಲೇ ಬರೆದಿಟ್ಟರು: ನೋವು, ಚಳಿಜ್ವರ, ಕಾಮಾಲೆ. ಇಂದಿಗೂ ನಾವು 'ಶಾರ್ಕೋ ತ್ರಯ' ಅನ್ನುತ್ತೇವೆ. ಅಂದು ಅಜ್ಜಿಯ ಕಾಯಿಲೆ ಗುರುತು ಸಿಗುತ್ತಿತ್ತು, ಆದರೆ ಕೀವು ಹೊರಬರಲು ದಾರಿ ಇರಲಿಲ್ಲ.

ಮುಂದೆ ಹೊಟ್ಟೆ ಕೊಯ್ದು ನಾಳ ತೆರೆಯುವ ಆಪರೇಷನ್ ಬಂತು. 1959ರಲ್ಲಿ ಅಮೆರಿಕದ ರೆನಾಲ್ಡ್ಸ್ ಮತ್ತು ಡಾರ್ಗನ್ ಶಾರ್ಕೋ ಪಟ್ಟಿಗೆ ಇನ್ನೆರಡು ಸೇರಿಸಿದರು: ಬಿಪಿ ಕುಸಿಯುವುದು, ಬುದ್ಧಿ ಮಂಕಾಗುವುದು. ಅಂದರೆ ನಮ್ಮ ಅಜ್ಜಿಯ ಮೂರನೇ ದಿನ. ಆಂಟಿಬಯೋಟಿಕ್ ಮಾತ್ರ ಸಾಲದು, ತಕ್ಷಣ ನಾಳ ಖಾಲಿ ಮಾಡಬೇಕು ಎಂದರು. ಮಾತು ಸರಿಯೇ, ಕಟ್ಟಿದ ನಾಳದೊಳಕ್ಕೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಆದರೆ ಬಿಪಿ 85 ಇರುವವರಿಗೆ ಅನಸ್ತೇಷಿಯಾ ಕೊಟ್ಟು ಹೊಟ್ಟೆ ಕೊಯ್ಯೋದು ಎಂಥ ಅಪಾಯ, ಯೋಚಿಸಿ.

ಹೊಸ ದಾರಿ 1974ರಲ್ಲಿ ಪ್ರಕಟವಾಯಿತು. ಎರ್ಲಾಂಗನ್‌ನಲ್ಲಿ ಕ್ಲಾಸೆನ್ ಮತ್ತು ಡೆಮ್ಲಿಂಗ್, ಜಪಾನಿನ ಕ್ಯೋಟೋದಲ್ಲಿ ಕವಾಯಿ ತಂಡ, ಬೇರೆ ಬೇರೆಯಾಗಿ ಒಂದೇ ಉಪಾಯ ಕಂಡುಕೊಂಡಿದ್ದರು: ಬಾಯಿಯ ಮೂಲಕವೇ ಹೋಗುವುದು. ಇಂದು ಇಆರ್‌ಸಿಪಿ ಅನ್ನುತ್ತಾರಲ್ಲ, ಅದರಲ್ಲಿ ಪಕ್ಕಕ್ಕೆ ನೋಡುವ ಎಂಡೋಸ್ಕೋಪ್ ಹೊಟ್ಟೆ ದಾಟಿ ಸಣ್ಣ ಕರುಳಿಗೆ ಇಳಿಯುತ್ತದೆ. ನಾಳದ ಬಾಯಿಗೆ ತೆಳು ತಂತಿ ತೂರಿಸಿ, ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ಕಲ್ಲು ನೋಡುತ್ತಾರೆ. ಕರೆಂಟ್ ಹರಿಸಿದ ತಂತಿಯಿಂದ ಆ ಬಾಯಿಯನ್ನು ಸ್ವಲ್ಪ ಸೀಳಿ, ಬಲೂನ್ ಅಥವಾ ಪುಟ್ಟ ಬುಟ್ಟಿಯಿಂದ ಕಲ್ಲು ಎಳೆಯುತ್ತಾರೆ.

ನಮ್ಮ ಅಜ್ಜಿಯಂಥವರಿಗೆ ಅಷ್ಟೂ ಒಂದೇ ಸಲ ಮಾಡುವುದಿಲ್ಲ. ರಕ್ತದ ಕಲ್ಚರ್ ತೆಗೆದು, ಆಂಟಿಬಯೋಟಿಕ್, ಡ್ರಿಪ್ ಶುರು ಮಾಡಿ, ಆದಷ್ಟು ಬೇಗ ಎರಡು-ಮೂರು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಸ್ಟೆಂಟ್ ಮಾತ್ರ ಇಡುತ್ತಾರೆ. ಹಸಿರು ಮಿಶ್ರಿತ ಕೀವು ಅದರಿಂದ ಸುರಿಯುವುದನ್ನು ಸ್ಕ್ರೀನಿನಲ್ಲೇ ನೋಡಬಹುದು. ಬಹಳ ಸಲ ಒಂದೆರಡು ದಿನದೊಳಗೆ ಜ್ವರ ಇಳಿದು ಮಾತು ಮರಳುತ್ತದೆ. ಕಲ್ಲು ಆಮೇಲೆ ತೆಗೆದರಾಯಿತು. ಸ್ಕೋಪ್ ತಲುಪದಿದ್ದರೆ ಪಕ್ಕೆಯಿಂದ ಲಿವರ್ ಮೂಲಕ ಸೂಜಿ ಹಾಕಿ ಕೊಳವೆ ಇಡುತ್ತಾರೆ.

ಇದು ಹೆಚ್ಚು ಜೀವ ಉಳಿಸುತ್ತದೆಯೇ? 1992ರಲ್ಲಿ ಹಾಂಗ್‌ಕಾಂಗ್ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಕೊಲಾಂಜೈಟಿಸ್ ಇದ್ದ 82 ಜನರನ್ನು ಸಮನಾಗಿ ಎರಡು ಗುಂಪು ಮಾಡಿದ್ದರು. ಆಪರೇಷನ್ ಆದ 41 ಜನರಲ್ಲಿ 13 ಮಂದಿ ತೀರಿಕೊಂಡರು. ಎಂಡೋಸ್ಕೋಪಿ ಆದ 41 ಜನರಲ್ಲಿ 4 ಮಂದಿ.

ಇದಕ್ಕೂ ಅಪಾಯಗಳಿವೆ: ಮೇದೋಜೀರಕ ಗ್ರಂಥಿ ಊದಿಕೊಳ್ಳುವುದು, ರಕ್ತಸ್ರಾವ, ಅಪರೂಪಕ್ಕೆ ಕರುಳು ತೂತಾಗುವುದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳೋರು ಮೊದಲೇ ಹೇಳಬೇಕು. ಇನ್ನೊಂದು ಮಾತು, ಪ್ಲಾಸ್ಟಿಕ್ ಸ್ಟೆಂಟ್ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಿಸಬೇಕು. ಹುಷಾರಾದೆವು ಅಂತ ಮರೆತರೆ ಅದೇ ಕಟ್ಟಿಕೊಂಡು ಮತ್ತೆ ಚಳಿಜ್ವರ.

ಊರಿನವರಿಗೆ ಕೊನೆಯದಾಗಿ: ಕಾಮಾಲೆ ಅಂದ ತಕ್ಷಣ ನಾವು ನಾಟಿ ಔಷಧಿಗೆ ಓಡುತ್ತೇವೆ. ಕಾಮಾಲೆ ಜೊತೆ ನಡುಕದ ಜ್ವರ ಇದ್ದರೆ ಅದೇ ದಿನ ಇಆರ್‌ಸಿಪಿ ಇರುವ ಆಸ್ಪತ್ರೆಗೆ ಹೋಗಿ. ಗಾಲ್ ಬ್ಲಾಡರ್ ತೆಗೆಸಿದವರಿಗೂ ನಾಳದಲ್ಲಿ ಕಲ್ಲು ಬರಬಹುದು. ವಯಸ್ಸಾದವರಲ್ಲಿ ಮೂರೂ ಲಕ್ಷಣ ಒಟ್ಟಿಗೆ ಕಾಣದಿರಬಹುದು, ಬರೀ ಮಂಕಾಗಿ ಮಲಗಿರಬಹುದು. ಅವರ ಕಣ್ಣಿನ ಬಿಳಿ ಭಾಗ ಹಗಲು ಬೆಳಕಿನಲ್ಲಿ ನೋಡಿ, ಮೂತ್ರದ ಬಣ್ಣ ಕೇಳಿ.