ಸೀಟು ಯಾರದು, ವೋಟು ಯಾರದು? (ಭಾಗ 4)

ಕೆಜಿಎಫ್, ಬಂಗಾರಪೇಟೆ ಎರಡೂ ಎಸ್‌ಸಿ ಮೀಸಲು ಕ್ಷೇತ್ರ. ನಿಲ್ಲೋರು ದಲಿತರು ಮಾತ್ರ, ವೋಟು ಹಾಕೋರು ಎಲ್ಲರೂ. ಯಾಕೆ ಹೀಗೆ ಅಂತ ಯೋಚಿಸಿದ್ದೀರಾ?

ದಲಿತ ಪ್ರತಿನಿಧಿಯನ್ನ ದಲಿತರೇ ಆರಿಸಲಿ ಅಂತ ಅಂಬೇಡ್ಕರ್ ಕೇಳಿದ್ರು. 1932ರಲ್ಲಿ ಬ್ರಿಟಿಷರು ಒಪ್ಪಿದರು, ಗಾಂಧೀಜಿ ಉಪವಾಸ ಕೂತರು. ಪೂನಾ ಒಪ್ಪಂದದಲ್ಲಿ ಸೀಟು 71ರಿಂದ 148 ಆಯ್ತು, ಆದ್ರೆ ಕೊನೆಯ ಆಯ್ಕೆ ಎಲ್ಲರ ವೋಟಿಗೆ ಹೋಯ್ತು.

ಒಡೆದ ಸಮಾಜದಲ್ಲಿ ಪ್ರತಿ ಗುಂಪಿನ ನಾಯಕರೂ ಸೇರಿ ಅಧಿಕಾರ ಹಂಚಿಕೊಳ್ಳಬೇಕು ಅಂದವರು ವಿದ್ವಾಂಸ ಲೈಪ್‌ಹಾರ್ಟ್. ಹಾಗಾದ್ರೆ ಗುಂಪುಗಳ ನಡುವಿನ ಗೋಡೆ ಗಟ್ಟಿಯಾಗುತ್ತೆ, ನಾಯಕರು ಬೇರೆಯವರ ವೋಟನ್ನೂ ಕೇಳುವಂತಿರಬೇಕು ಅಂದವರು ಹೊರೊವಿಟ್ಜ್.

ನಮ್ಮ ಕ್ಷೇತ್ರಗಳದ್ದು ಈ ಎರಡನೇ ದಾರಿಗೆ ಹತ್ತಿರ. ಆದ್ರೆ ಅಂಬೇಡ್ಕರ್ ಭಯ ಇನ್ನೂ ಇದೆ: ಹೆಚ್ಚಿನ ದಲಿತರು ಒಪ್ಪದ ಅಭ್ಯರ್ಥಿ ಉಳಿದವರ ವೋಟಿಂದ ಗೆಲ್ಲಬಹುದು. ಬೂತ್‌ವಾರು ಲೆಕ್ಕದ ಫಾರಂ 20ರಲ್ಲಿ ನಿಮ್ಮ ಕಾಲೋನಿ ಬೂತು ನೋಡಿ. ಅಲ್ಲಿ ಗೆದ್ದವರೇ ಕ್ಷೇತ್ರದಲ್ಲೂ ಗೆದ್ರಾ?